ಹಿಮೋಗ್ಲೋಬಿನ್ ಹನ್ನೊಂದರ ಹತ್ತಿರ ಬಂದರೆ ಸಾಕು ಅನ್ನುವುದೇಕೆ? ಕಿಡ್ನಿ ಕಾಯಿಲೆಯ ರಕ್ತಹೀನತೆ, ಇಂಜೆಕ್ಷನ್ ಮತ್ತು ಕಬ್ಬಿಣ

ಕಿಡ್ನಿ ಕಾಯಿಲೆಯಿಂದ ಬರುವ ರಕ್ತಹೀನತೆಗೆ ಇಂಜೆಕ್ಷನ್ ಬದಲು ಮಾತ್ರೆ ಬಂದಿದೆ ಎಂಬ ಸುದ್ದಿ ಕೆಲವು ವರ್ಷಗಳಿಂದ ಆಗಾಗ ಕಾಣಿಸುತ್ತಿದೆ. ಆದರೆ ಓದಿದವರಿಗೆ ಗೊಂದಲವೇ ಜಾಸ್ತಿ. ರಾಕ್ಸಡುಸ್ಟಾಟ್ ಎಂಬ ಮಾತ್ರೆಗೆ ಚೀನಾ 2018ರಲ್ಲೇ ಒಪ್ಪಿಗೆ ಕೊಟ್ಟಿತು. ಯುರೋಪ್ 2021ರಲ್ಲಿ ಕೊಟ್ಟಿತು. ಅದೇ 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದೇ ಮಾತ್ರೆಯನ್ನು ಒಪ್ಪಲಿಲ್ಲ. ನಂತರ ಅಮೆರಿಕದಲ್ಲಿ ಅದೇ ಗುಂಪಿನ ಡ್ಯಾಪ್ರೊಡುಸ್ಟಾಟ್‌ಗೆ 2023ರಲ್ಲಿ, ವ್ಯಾಡಡುಸ್ಟಾಟ್‌ಗೆ 2024ರಲ್ಲಿ ಒಪ್ಪಿಗೆ ಸಿಕ್ಕಿತು. ಅದೂ ಡಯಾಲಿಸಿಸ್‌ನಲ್ಲಿರುವ ವಯಸ್ಕರಿಗೆ ಮಾತ್ರ. ರಕ್ತ ಹೆಪ್ಪುಗಟ್ಟುವುದು, ಹೃದಯಾಘಾತ, ಪಾರ್ಶ್ವವಾಯು ಇವುಗಳ ಬಗ್ಗೆ ಲೇಬಲ್‌ನಲ್ಲಿ ದೊಡ್ಡ ಎಚ್ಚರಿಕೆಯೂ ಇದೆ.

ರಕ್ತ ಹೆಚ್ಚಿಸುವ ಔಷಧಕ್ಕೆ ಹೃದಯಾಘಾತದ ಎಚ್ಚರಿಕೆ ಯಾಕೆ? ಇದಕ್ಕೆ ಹೊಂದಿಕೊಂಡ ಇನ್ನೊಂದು ಪ್ರಶ್ನೆ ರೋಗಿಗಳ ಮನೆಯಲ್ಲಿ ದಿನವೂ ಏಳುತ್ತದೆ. ಲ್ಯಾಬ್ ರಿಪೋರ್ಟಿನಲ್ಲಿ ಹೆಂಗಸರಿಗೆ 12, ಗಂಡಸರಿಗೆ 13 ಇರಬೇಕು ಎಂದು ಬರೆದಿರುತ್ತದೆ. ಆದರೆ ರೋಗಿಯ ಹಿಮೋಗ್ಲೋಬಿನ್ 11.5 ದಾಟುತ್ತಿದ್ದಂತೆ ಡಾಕ್ಟರು ಇಂಜೆಕ್ಷನ್ ಡೋಸ್ ಇಳಿಸುತ್ತಾರೆ. ಚೆನ್ನಾಗಿ ಏರುತ್ತಿರುವಾಗ ಯಾಕೆ ತಡೆಯಬೇಕು? ದುಡ್ಡು ಉಳಿಸುವುದಕ್ಕೋ, ಉದಾಸೀನವೋ ಎಂದು ಮನೆಯವರಿಗೆ ಅನುಮಾನ ಬರುತ್ತದೆ. ಎರಡೂ ಅಲ್ಲ. ಈ ತಡೆಯ ಹಿಂದೆ ಸಾವಿರಾರು ರೋಗಿಗಳ ಮೇಲೆ ನಡೆದ ಅಧ್ಯಯನಗಳಿವೆ. ಅವು ಅರ್ಥವಾಗಬೇಕಾದರೆ ಕಿಡ್ನಿಗೂ ರಕ್ತಕ್ಕೂ ಇರುವ ನಂಟಿನಿಂದ ಶುರು ಮಾಡಬೇಕು.

ಕಿಡ್ನಿ ಕಳಿಸುವ ಸಂದೇಶ

ಕೆಂಪು ರಕ್ತಕಣಗಳು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಆದರೆ ಎಷ್ಟು ಹುಟ್ಟಬೇಕು ಎಂದು ಹೇಳುವುದು ಕಿಡ್ನಿ. ಕಿಡ್ನಿಯ ಸಣ್ಣ ನಳಿಕೆಗಳ ಮಧ್ಯದ ಜಾಗದಲ್ಲಿ ಕೆಲವು ವಿಶೇಷ ಜೀವಕೋಶಗಳಿವೆ. ತಮಗೆ ತಲುಪುತ್ತಿರುವ ಆಮ್ಲಜನಕ ಕಡಿಮೆಯಾದರೆ ಅವು ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನು ತಯಾರಿಸುತ್ತವೆ. ಚಿಕ್ಕದಾಗಿ ಇದನ್ನು ಇಪಿಒ ಅನ್ನೋಣ. ವಯಸ್ಕರ ದೇಹದಲ್ಲಿ ಇಪಿಒದ ಬಹುಪಾಲು ಕಿಡ್ನಿಯಿಂದಲೇ ಬರುತ್ತದೆ. ಲಿವರ್‌ನ ಪಾಲು ಸ್ವಲ್ಪ ಮಾತ್ರ.

ಮಜ್ಜೆಯಲ್ಲಿ ಇಪಿಒ ಮಾಡುವ ಕೆಲಸವನ್ನು ಸ್ವಲ್ಪ ಗಮನಿಸಬೇಕು. ಅದು ಹೊಸ ಕಣಗಳನ್ನು ಶೂನ್ಯದಿಂದ ಹುಟ್ಟಿಸುವುದಿಲ್ಲ. ಕೆಂಪು ಕಣವಾಗುವ ದಾರಿಯಲ್ಲಿರುವ ಎಳೆಯ ಕೋಶಗಳನ್ನು ಸಾಯದಂತೆ ಉಳಿಸುತ್ತದೆ. ಇಪಿಒ ಸಾಕಷ್ಟು ಇಲ್ಲದಿದ್ದರೆ ಆ ಎಳೆಯ ಕೋಶಗಳು ಅರ್ಧ ದಾರಿಯಲ್ಲೇ ತಾವಾಗಿ ಸಾಯುತ್ತವೆ. ಮಜ್ಜೆಗೆ ಶಕ್ತಿ ಇದೆ, ಬೀಜವೂ ಇದೆ, ಆದರೆ ಮೊಳಕೆ ಉಳಿಯುವುದಿಲ್ಲ.

ವರ್ಷಗಟ್ಟಲೆ ಕಿಡ್ನಿ ಕಾಯಿಲೆ ಇದ್ದಾಗ ಕಿಡ್ನಿಯೊಳಗೆ ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಇಪಿಒ ತಯಾರಿಸಬೇಕಿದ್ದ ಕೋಶಗಳೇ ಎಷ್ಟೋ ಕಡೆ ಈ ಕಲೆ ಕಟ್ಟುವ ಕೋಶಗಳಾಗಿ ಬದಲಾಗುತ್ತವೆ. ಜೊತೆಗೆ ಕೆಲಸ ಕಡಿಮೆ ಮಾಡುವ ಕಿಡ್ನಿಗೆ ಆಮ್ಲಜನಕವೂ ಕಡಿಮೆ ಸಾಕು. ಹಾಗಾಗಿ ದೇಹದಲ್ಲಿ ರಕ್ತ ಕಡಿಮೆ ಇದೆ ಎಂಬುದು ಅದಕ್ಕೆ ಸರಿಯಾಗಿ ಗೊತ್ತಾಗುವುದೇ ಇಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆ ಇದೆ. ಇಂಥ ರೋಗಿಯ ರಕ್ತದಲ್ಲಿ ಇಪಿಒ ಅಳೆದರೆ ಅದು ಶೂನ್ಯ ಇರುವುದಿಲ್ಲ. ಎಷ್ಟೋ ಸಲ ಆರೋಗ್ಯವಂತರಷ್ಟೇ ಇರುತ್ತದೆ. ಆದರೆ ಹಿಮೋಗ್ಲೋಬಿನ್ 8ಕ್ಕೆ ಇಳಿದಾಗ ಒಳ್ಳೆಯ ಕಿಡ್ನಿ ಇಪಿಒವನ್ನು ಹತ್ತಾರು ಪಟ್ಟು ಏರಿಸಬೇಕಿತ್ತು. ಏರಿಸಿಲ್ಲ ಎಂಬುದೇ ರೋಗ. ಅದಕ್ಕಾಗಿಯೇ ಇಪಿಒ ಪರೀಕ್ಷೆಯನ್ನು ಸಾಮಾನ್ಯವಾಗಿ ಬರೆದುಕೊಡುವುದಿಲ್ಲ. ಸಂಖ್ಯೆ 'ನಾರ್ಮಲ್' ಎಂದು ಬಂದು ದಾರಿ ತಪ್ಪಿಸುತ್ತದೆ.

ಇನ್ನೊಂದು ಕಾರಣವನ್ನು ಬೇಗ ಹೇಳಿ ಮುಂದೆ ಹೋಗಬಹುದು. ಕೆಂಪು ಕಣವೊಂದು ಸಾಮಾನ್ಯವಾಗಿ 120 ದಿನ ಬದುಕುತ್ತದೆ. ಕಿಡ್ನಿ ಕೆಟ್ಟವರ ರಕ್ತದಲ್ಲಿ ಈ ಆಯುಸ್ಸು ಕಡಿಮೆಯಾಗುತ್ತದೆ. ಹುಟ್ಟುವುದೂ ಕಡಿಮೆ, ಬಾಳುವುದೂ ಕಡಿಮೆ.

ಕಬ್ಬಿಣ ಇದೆ, ಆದರೆ ಬೀಗ ಹಾಕಿದೆ

ಬರೀ ಇಪಿಒ ಕೊರತೆಯೇ ಸಮಸ್ಯೆ ಆಗಿದ್ದರೆ ಇಪಿಒ ಇಂಜೆಕ್ಷನ್ ಕೊಟ್ಟರೆ ಕತೆ ಮುಗಿಯುತ್ತಿತ್ತು. ಮುಗಿಯುವುದಿಲ್ಲ, ಏಕೆಂದರೆ ಹಿಮೋಗ್ಲೋಬಿನ್ ಕಟ್ಟಲು ಕಬ್ಬಿಣ ಬೇಕು.

ಮಜ್ಜೆಗೆ ದಿನಕ್ಕೆ ಸುಮಾರು 20ರಿಂದ 25 ಮಿಲಿಗ್ರಾಂ ಕಬ್ಬಿಣ ಬೇಕಾಗುತ್ತದೆ. ಊಟದಿಂದ ಕರುಳು ಹೀರುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಅಷ್ಟೇ. ಉಳಿದದ್ದು ಬರುವುದು ಹಳೆಯ ಕಣಗಳಿಂದ. ಆಯುಸ್ಸು ಮುಗಿದ ಕೆಂಪು ಕಣಗಳನ್ನು ನುಂಗುವ ಕೋಶಗಳು ಅವುಗಳೊಳಗಿನ ಕಬ್ಬಿಣವನ್ನು ಬಿಡಿಸಿ ಮತ್ತೆ ರಕ್ತಕ್ಕೆ ಬಿಡುತ್ತವೆ. ಅಂದರೆ ನಮ್ಮ ದೇಹ ನಡೆಯುವುದು ಮರುಬಳಕೆಯ ಕಬ್ಬಿಣದ ಮೇಲೆ.

ಈ ಮರುಬಳಕೆಯ ಬಾಗಿಲು ಕಾಯುವುದು ಹೆಪ್ಸಿಡಿನ್ ಎಂಬ ಹಾರ್ಮೋನು. ಅದನ್ನು ಲಿವರ್ ತಯಾರಿಸುತ್ತದೆ. ಹೆಪ್ಸಿಡಿನ್ ಜಾಸ್ತಿಯಾದರೆ ಕರುಳಿನಿಂದ ಕಬ್ಬಿಣ ಒಳಗೆ ಬರುವ ಬಾಗಿಲೂ ಮುಚ್ಚುತ್ತದೆ, ದಾಸ್ತಾನಿನಿಂದ ಹೊರಗೆ ಬರುವ ಬಾಗಿಲೂ ಮುಚ್ಚುತ್ತದೆ. ಕಿಡ್ನಿ ರೋಗಿಗಳಲ್ಲಿ ಅದು ಎರಡು ಕಾರಣಕ್ಕೆ ಏರುತ್ತದೆ. ಒಂದು, ರಕ್ತದಿಂದ ಹೆಪ್ಸಿಡಿನ್ ಹೊರಹಾಕಬೇಕಾದದ್ದು ಕಿಡ್ನಿಯೇ, ಅದು ಸೋತಿದೆ. ಎರಡು, ದೀರ್ಘಕಾಲದ ಉರಿಯೂತ. ಉರಿಯೂತ ಎಲ್ಲಿದ್ದರೂ ಲಿವರ್ ಹೆಪ್ಸಿಡಿನ್ ಹೆಚ್ಚಿಸುತ್ತದೆ.

ಇದರಿಂದಲೇ ಎರಡು ಪರೀಕ್ಷೆಗಳನ್ನು ಯಾವಾಗಲೂ ಜೊತೆಯಾಗಿ ಓದಬೇಕಾಗುತ್ತದೆ. ಫೆರಿಟಿನ್ ದಾಸ್ತಾನು ಎಷ್ಟಿದೆ ಎಂದು ಹೇಳುತ್ತದೆ. ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್, ಅಂದರೆ ಟಿಸ್ಯಾಟ್, ರಕ್ತದಲ್ಲಿ ಮಜ್ಜೆಯ ಕಡೆಗೆ ಸಾಗುತ್ತಿರುವ ಕಬ್ಬಿಣ ಎಷ್ಟು ಎಂದು ಹೇಳುತ್ತದೆ. ಒಂದು ಉಗ್ರಾಣದ ಲೆಕ್ಕ, ಇನ್ನೊಂದು ದಾರಿಯಲ್ಲಿರುವ ಗಾಡಿಗಳ ಲೆಕ್ಕ. ಫೆರಿಟಿನ್ 600 ಇದ್ದು ಟಿಸ್ಯಾಟ್ ಶೇ. 14 ಇದ್ದರೆ ಉಗ್ರಾಣ ತುಂಬಿದೆ, ಗಾಡಿಗಳು ಖಾಲಿ ಓಡುತ್ತಿವೆ. ಜೊತೆಗೆ ಉರಿಯೂತ ಇದ್ದಾಗ ಫೆರಿಟಿನ್ ಸುಮ್ನೆ ಏರುತ್ತದೆ, ಕಬ್ಬಿಣ ಹೆಚ್ಚಾಗದಿದ್ದರೂ ಏರುತ್ತದೆ. 'ಫೆರಿಟಿನ್ ನಾರ್ಮಲ್ ಇದೆ, ಹಾಗಾದರೆ ಕಬ್ಬಿಣ ಯಾಕೆ?' ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ಹಿಮೋಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ನಿಜವಾದ ನಷ್ಟವೂ ಇದೆ. ಫಿಲ್ಟರ್‌ನಲ್ಲಿ, ಟ್ಯೂಬ್‌ನಲ್ಲಿ ಉಳಿಯುವ ರಕ್ತ, ಪದೇ ಪದೇ ಪರೀಕ್ಷೆಗೆ ತೆಗೆಯುವ ರಕ್ತ ಎಲ್ಲ ಸೇರಿ ವರ್ಷಕ್ಕೆ 1ರಿಂದ 3 ಗ್ರಾಂ ಕಬ್ಬಿಣ ಹೋಗುತ್ತದೆ. ಬಾಗಿಲು ಮುಚ್ಚಿದ ಕರುಳಿನಿಂದ ಇದನ್ನು ತುಂಬಲು ಆಗುವುದಿಲ್ಲ. ಅದಕ್ಕೇ ಅವರಿಗೆ ಕಬ್ಬಿಣವನ್ನು ನೇರವಾಗಿ ರಕ್ತನಾಳಕ್ಕೆ ಕೊಡುತ್ತಾರೆ.

ಇಂಜೆಕ್ಷನ್ ಬಂದ ಬಗೆ

1970ರ ದಶಕದಲ್ಲಿ ಡಯಾಲಿಸಿಸ್ ರೋಗಿಗಳಿಗೆ ಇದ್ದ ಮುಖ್ಯ ದಾರಿ ರಕ್ತ ಹಾಕಿಸಿಕೊಳ್ಳುವುದು. ಪದೇ ಪದೇ ರಕ್ತ ಹಾಕಿಸಿದರೆ ದೇಹದಲ್ಲಿ ಕಬ್ಬಿಣ ಅತಿಯಾಗಿ ಸೇರುತ್ತಿತ್ತು, ಸೋಂಕಿನ ಭಯ ಇತ್ತು. ಇನ್ನೂ ದೊಡ್ಡ ತೊಂದರೆ ಕಿಡ್ನಿ ಕಸಿಗೆ ಕಾಯುವವರದು. ಬೇರೆಯವರ ರಕ್ತ ಒಳಗೆ ಬಂದಾಗ ದೇಹ ಅದರ ವಿರುದ್ಧ ಪ್ರತಿಕಾಯ ಕಟ್ಟಬಹುದು. ಆಮೇಲೆ ಹೊಂದುವ ಕಿಡ್ನಿ ಸಿಗುವುದೇ ಕಷ್ಟವಾಗುತ್ತದೆ. ಇಂದಿಗೂ ಈ ರೋಗಿಗಳಿಗೆ ರಕ್ತ ಹಾಕುವುದನ್ನು ಆದಷ್ಟು ತಪ್ಪಿಸಲು ನೋಡುವುದಕ್ಕೆ ಇದು ಮುಖ್ಯ ಕಾರಣ.

1977ರಲ್ಲಿ ಯುಜೀನ್ ಗೋಲ್ಡ್‌ವಾಸರ್ ಮತ್ತು ಜಪಾನಿನ ತಕಾಜಿ ಮಿಯಾಕೆ ಮನುಷ್ಯರ ಇಪಿಒವನ್ನು ಶುದ್ಧವಾಗಿ ಬೇರ್ಪಡಿಸಿದರು. ಅದಕ್ಕೆ ತೀವ್ರ ರಕ್ತಹೀನತೆ ಇದ್ದ ರೋಗಿಗಳ ಸಾವಿರಾರು ಲೀಟರ್ ಮೂತ್ರ ಬೇಕಾಯಿತು, ಸಿಕ್ಕಿದ್ದು ಕೆಲವೇ ಮಿಲಿಗ್ರಾಂ. ಅಷ್ಟರಿಂದ ಔಷಧ ಮಾಡಲಾಗದು. 1980ರ ದಶಕದಲ್ಲಿ ಇಪಿಒದ ಜೀನ್ ಹಿಡಿದು, ಲ್ಯಾಬಿನಲ್ಲಿ ಬೆಳೆಸಿದ ಕೋಶಗಳಿಂದ ಅದನ್ನು ತಯಾರಿಸುವುದು ಸಾಧ್ಯವಾಯಿತು. 1989ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ರಕ್ತದ ಬಾಟಲಿಗೆ ಕಾಯುತ್ತಿದ್ದವರು ಆ ಅವಲಂಬನೆಯಿಂದ ಹೊರಬಂದರು. ಇದು ಸಣ್ಣ ಗೆಲುವಲ್ಲ.

ಇಂದು ಮುಖ್ಯವಾಗಿ ಮೂರು ಬಗೆ ಬಳಕೆಯಲ್ಲಿವೆ. ಇಪೊಯೆಟಿನ್ ವಾರಕ್ಕೆ ಒಂದರಿಂದ ಮೂರು ಸಲ, ಡಾರ್ಬಿಪೊಯೆಟಿನ್ ವಾರಕ್ಕೆ ಅಥವಾ ಎರಡು ವಾರಕ್ಕೆ ಒಮ್ಮೆ, ಇನ್ನೂ ದೀರ್ಘ ಕಾಲ ಉಳಿಯುವ ಮೂರನೆಯದು ಎರಡು ವಾರಕ್ಕೆ ಅಥವಾ ತಿಂಗಳಿಗೊಮ್ಮೆ. ಕೆಲಸ ಮಾಡುವ ರೀತಿ ಒಂದೇ. ದೇಹದಲ್ಲಿ ಉಳಿಯುವ ಅವಧಿ ಮಾತ್ರ ಬೇರೆ.

ಸಹಜ ಮಟ್ಟಕ್ಕೆ ಏರಿಸಲು ಹೋದಾಗ

ಔಷಧ ಸಿಕ್ಕ ಮೇಲೆ ಹಿಮೋಗ್ಲೋಬಿನ್‌ಅನ್ನು ಪೂರ್ತಿ ಸಹಜ ಮಟ್ಟಕ್ಕೆ ತರಬೇಕು ಎನ್ನಿಸುವುದು ಸಹಜ ಅಲ್ವಾ? ವೈದ್ಯರಿಗೂ ಹಾಗೇ ಅನ್ನಿಸಿತ್ತು. ರಕ್ತ ಕಡಿಮೆ ಇರುವವರಲ್ಲಿ ಹೃದಯ ದೊಡ್ಡದಾಗುತ್ತದೆ, ಸಾವು ಹೆಚ್ಚು. ಹಾಗಾದರೆ ರಕ್ತ ಏರಿಸಿದರೆ ಹೃದಯ ಉಳಿಯಬೇಕು. ತರ್ಕ ನೇರವಾಗಿತ್ತು. ಪರೀಕ್ಷಿಸಿದಾಗ ಉಲ್ಟಾ ಬಂತು.

1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೃದಯ ಕಾಯಿಲೆ ಇರುವ 1,233 ಡಯಾಲಿಸಿಸ್ ರೋಗಿಗಳಿದ್ದರು. ಅರ್ಧ ಜನರನ್ನು ಸಹಜ ಮಟ್ಟಕ್ಕೆ, ಉಳಿದವರನ್ನು ಅದಕ್ಕಿಂತ ಕೆಳಗಿನ ಮಟ್ಟದಲ್ಲಿ ಇಡಲಾಯಿತು. ಸಹಜ ಮಟ್ಟದ ಗುಂಪಿನಲ್ಲಿ ಸಾವು ಮತ್ತು ಹೃದಯಾಘಾತ ಹೆಚ್ಚಾಗುವ ಸೂಚನೆ ಕಂಡು, ಒಳಿತಾಗುವ ಸಾಧ್ಯತೆ ಕಾಣದೆ, ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸಿದರು. 2006ರಲ್ಲಿ ಚಾಯರ್ ಎಂಬ ಅಧ್ಯಯನ ಡಯಾಲಿಸಿಸ್ ಇನ್ನೂ ಶುರುವಾಗದ 1,432 ಜನರಲ್ಲಿ 13.5ರ ಗುರಿಯನ್ನು 11.3ರ ಗುರಿಯೊಂದಿಗೆ ಹೋಲಿಸಿತು. ಹೆಚ್ಚಿನ ಗುರಿಯವರಲ್ಲಿ ಸಾವು, ಹೃದಯ ಮತ್ತು ಮಿದುಳಿನ ಆಘಾತಗಳ ಒಟ್ಟು ಸಂಖ್ಯೆ 125, ಕಡಿಮೆ ಗುರಿಯವರಲ್ಲಿ 97.

ಎಲ್ಲಕ್ಕಿಂತ ದೊಡ್ಡದು 2009ರ ಟ್ರೀಟ್ ಅಧ್ಯಯನ. ಅದರಲ್ಲಿ ಸಕ್ಕರೆ ಕಾಯಿಲೆಯೂ ಕಿಡ್ನಿ ಕಾಯಿಲೆಯೂ ಇದ್ದ 4,038 ಜನರಿದ್ದರು. ಒಂದು ಗುಂಪಿಗೆ 13ರ ಗುರಿಯಿಟ್ಟು ಡಾರ್ಬಿಪೊಯೆಟಿನ್ ಕೊಟ್ಟರು. ಇನ್ನೊಂದಕ್ಕೆ ಔಷಧವಿಲ್ಲದ ಸುಳ್ಳು ಇಂಜೆಕ್ಷನ್ ಕೊಟ್ಟು, ಹಿಮೋಗ್ಲೋಬಿನ್ 9ಕ್ಕಿಂತ ಕೆಳಗೆ ಇಳಿದಾಗ ಮಾತ್ರ ನಿಜವಾದ ಔಷಧ ಕೊಟ್ಟರು. ಔಷಧದ ಗುಂಪಿನಲ್ಲಿ 101 ಜನರಿಗೆ ಪಾರ್ಶ್ವವಾಯು ಆಯಿತು. ಇನ್ನೊಂದು ಗುಂಪಿನಲ್ಲಿ 53 ಜನರಿಗೆ. ಹೆಚ್ಚು ಕಡಿಮೆ ಎರಡು ಪಟ್ಟು. ಲಾಭ ಇರಲಿಲ್ಲ ಎಂದಲ್ಲ. ರಕ್ತ ಹಾಕಿಸಿಕೊಳ್ಳಬೇಕಾಗಿ ಬಂದದ್ದು 297 ಜನರಿಗೆ, ಇನ್ನೊಂದು ಗುಂಪಿನಲ್ಲಿ 496 ಜನರಿಗೆ. ಆಯಾಸವೂ ಸ್ವಲ್ಪ ಕಡಿಮೆಯಾಯಿತು, ಆದರೆ ಸ್ವಲ್ಪವೇ.

ಹಾನಿ ಯಾಕಾಯಿತು ಎಂಬ ಬಗ್ಗೆ ತಜ್ಞರಲ್ಲಿ ಎರಡು ವಾದ ಇವೆ. ಒಂದು, ರಕ್ತ ಗಟ್ಟಿಯಾಗಿ, ಬಿಪಿ ಏರಿ, ಹೆಪ್ಪುಗಟ್ಟುವುದು ಜಾಸ್ತಿಯಾಗುತ್ತದೆ ಎಂಬುದು. ಇನ್ನೊಂದು, ದೋಷ ಹಿಮೋಗ್ಲೋಬಿನ್‌ನದ್ದಲ್ಲ, ಅದನ್ನು ಮುಟ್ಟಲು ಸುರಿದ ಡೋಸ್‌ನದ್ದು ಎಂಬುದು. ಚಾಯರ್ ಅಧ್ಯಯನವನ್ನು ಮತ್ತೆ ವಿಶ್ಲೇಷಿಸಿದಾಗ ಈ ಎರಡನೆಯ ವಾದಕ್ಕೆ ಬಲ ಬಂತು. ಹೆಚ್ಚು ಡೋಸ್ ಪಡೆದೂ ಗುರಿ ಮುಟ್ಟದೆ ಹೋದವರಲ್ಲೇ ಕೆಟ್ಟ ಪರಿಣಾಮ ಹೆಚ್ಚು ಕಂಡಿತು. ಆದರೆ ಔಷಧಕ್ಕೆ ಸ್ಪಂದಿಸದವರು ಮೊದಲೇ ಹೆಚ್ಚು ಕಾಯಿಲೆಯವರು ಎಂಬ ಆಕ್ಷೇಪವೂ ಇದೆ, ಅದು ಸುಳ್ಳಲ್ಲ. ವಾದ ಪೂರ್ತಿ ಮುಗಿದಿಲ್ಲ. ಆದರೂ ಎರಡೂ ವಾದಗಳು ಹೇಳುವ ಚಿಕಿತ್ಸೆ ಒಂದೇ: ಗುರಿ ಕೆಳಗಿಡಿ, ಡೋಸ್ ಕಡಿಮೆ ಇಡಿ.

ಜಾಗತಿಕ ಕಿಡ್ನಿ ಮಾರ್ಗಸೂಚಿ ಸಂಸ್ಥೆ ಕೆಡಿಗೊ 2012ರಲ್ಲಿ ಇದನ್ನೇ ಸಂಖ್ಯೆಯಾಗಿ ಬರೆಯಿತು. ಡಯಾಲಿಸಿಸ್‌ನಲ್ಲಿ ಇಲ್ಲದವರಿಗೆ ಹಿಮೋಗ್ಲೋಬಿನ್ 10 ಅಥವಾ ಹೆಚ್ಚು ಇದ್ದರೆ ಇಂಜೆಕ್ಷನ್ ಶುರು ಮಾಡಬೇಡಿ. ಸಾಮಾನ್ಯವಾಗಿ 11.5ರ ಮೇಲೆ ಇರಿಸಲು ಬಳಸಬೇಡಿ. ಬೇಕೆಂದೇ 13 ದಾಟಿಸಬೇಡಿ. ಹನ್ನೊಂದರ ಹತ್ತಿರ ತಡೆಯುವುದು ಈ ಕಾರಣಕ್ಕೆ. ಕಬ್ಬಿಣವೊಂದರಿಂದಲೇ ಹಿಮೋಗ್ಲೋಬಿನ್ 12.5 ಆದರೆ ಅದನ್ನು ಇಳಿಸಬೇಕಿಲ್ಲ ಎಂಬುದನ್ನೂ ಇಲ್ಲಿ ನೆನಪಿಡಬೇಕು. ತಡೆ ಇರುವುದು ಔಷಧದಿಂದ ದೂಡಿ ಏರಿಸುವುದಕ್ಕೆ.

ಒಂದು ಉದಾಹರಣೆ, ಹಂತ ಹಂತವಾಗಿ

ಇದೆಲ್ಲ ಚಿಕಿತ್ಸೆಯಲ್ಲಿ ಹೇಗೆ ಕಾಣುತ್ತದೆ ಎಂದು ನೋಡಲು ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. 58 ವರ್ಷದ ಮಹಿಳೆ, ತೂಕ 60 ಕಿಲೋ, ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸೋತಿದೆ. ಕಿಡ್ನಿಯ ಸೋಸುವ ಶಕ್ತಿ 22, ಅಂದರೆ ನಾಲ್ಕನೆಯ ಹಂತ. ಡಯಾಲಿಸಿಸ್ ಶುರುವಾಗಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ 8.6, ಫೆರಿಟಿನ್ 140, ಟಿಸ್ಯಾಟ್ ಶೇ. 14.

ಮೊದಲ ಕೆಲಸ ಇಂಜೆಕ್ಷನ್ ಅಲ್ಲ. ಕಿಡ್ನಿ ಕೆಟ್ಟಿದೆ ಎಂದ ಮಾತ್ರಕ್ಕೆ ರಕ್ತಹೀನತೆಗೆ ಬೇರೆ ಕಾರಣ ಇಲ್ಲ ಎಂದಾಗುವುದಿಲ್ಲ. ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯೇ, ಬಿ12 ಮತ್ತು ಫೋಲೇಟ್ ಸರಿ ಇವೆಯೇ ಎಂದು ನೋಡುತ್ತಾರೆ. ಈಕೆಗೆ ಅವೆಲ್ಲ ಸರಿ ಇವೆ ಎಂದುಕೊಳ್ಳೋಣ.

ಎರಡನೆಯದು ಕಬ್ಬಿಣ. ಫೆರಿಟಿನ್ 140 ಲ್ಯಾಬ್ ರಿಪೋರ್ಟಿನಲ್ಲಿ ನಾರ್ಮಲ್. ಆದರೆ ಟಿಸ್ಯಾಟ್ 14 ಎಂದರೆ ಮಜ್ಜೆಗೆ ಕಬ್ಬಿಣ ತಲುಪುತ್ತಿಲ್ಲ. ಟಿಸ್ಯಾಟ್ ಶೇ. 30ರ ಒಳಗೆ, ಫೆರಿಟಿನ್ 500ರ ಒಳಗೆ ಇದ್ದರೆ ಕಬ್ಬಿಣ ಕೊಟ್ಟು ನೋಡಬಹುದು ಎಂದು ಕೆಡಿಗೊ 2012ರ ಸಲಹೆ. ಡಯಾಲಿಸಿಸ್ ಇಲ್ಲದವರಿಗೆ ಒಂದರಿಂದ ಮೂರು ತಿಂಗಳು ಮಾತ್ರೆ ಪ್ರಯತ್ನಿಸಬಹುದು. ಈಕೆಗೆ ಎರಡು ತಿಂಗಳು ಮಾತ್ರೆ ಕೊಟ್ಟರೂ ಟಿಸ್ಯಾಟ್ ಏರಲಿಲ್ಲ, ಜೊತೆಗೆ ಮಲಬದ್ಧತೆ, ವಾಕರಿಕೆ. ಮುಚ್ಚಿದ ಬಾಗಿಲಿಗೆ ಮಾತ್ರೆ ಬಡಿದು ಸುಸ್ತಾಗಿದೆ. ಆದ್ದರಿಂದ ಡ್ರಿಪ್ ಮೂಲಕ.

ಎಷ್ಟು ಕೊಡಬೇಕು? ಲೆಕ್ಕ ಕಷ್ಟವಿಲ್ಲ. 60 ಕಿಲೋ ತೂಕದ ಮಹಿಳೆಯಲ್ಲಿ ರಕ್ತ ಸುಮಾರು 4 ಲೀಟರ್, ಅಂದರೆ 40 ಡೆಸಿಲೀಟರ್. ಡೆಸಿಲೀಟರ್‌ಗೆ 1 ಗ್ರಾಂ ಏರಬೇಕಾದರೆ ಒಟ್ಟು 40 ಗ್ರಾಂ ಹೊಸ ಹಿಮೋಗ್ಲೋಬಿನ್ ಬೇಕು. ಪ್ರತಿ ಗ್ರಾಂ ಹಿಮೋಗ್ಲೋಬಿನ್‌ನಲ್ಲಿ ಸುಮಾರು 3.4 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಹಾಗಾಗಿ 1 ಗ್ರಾಂ ಏರಿಕೆಗೆ ಸುಮಾರು 136 ಮಿಲಿಗ್ರಾಂ. 8.6ರಿಂದ 11ಕ್ಕೆ ಹೋಗಲು 2.4 ಗ್ರಾಂ ಏರಬೇಕು, ಅದಕ್ಕೆ ಸುಮಾರು 326 ಮಿಲಿಗ್ರಾಂ. ಉಗ್ರಾಣ ತುಂಬಲು ಇನ್ನೊಂದು 500. ಒಟ್ಟು 800ರ ಮೇಲೆ. ಐರನ್ ಸುಕ್ರೋಸ್ 200 ಮಿಲಿಗ್ರಾಂನಂತೆ ಐದು ಸಲ, ಒಟ್ಟು 1,000 ಎಂಬ ಪದ್ಧತಿ ಎಲ್ಲಿಂದ ಬಂತು ಎಂಬುದು ಈ ಲೆಕ್ಕದಿಂದ ಗೊತ್ತಾಗುತ್ತದೆ. ಇಷ್ಟು ಕಬ್ಬಿಣ ಕೈಯಲ್ಲಿಲ್ಲದೆ ಇಪಿಒ ಇಂಜೆಕ್ಷನ್ ಚುಚ್ಚಿದರೆ ಮಜ್ಜೆಗೆ ಆಜ್ಞೆ ಹೋಗುತ್ತದೆ, ಸಾಮಾನು ಹೋಗುವುದಿಲ್ಲ.

ಕೊನೆಯ ಡ್ರಿಪ್ ಆಗಿ ಒಂದು ತಿಂಗಳ ನಂತರ ಹಿಮೋಗ್ಲೋಬಿನ್ 9.3, ಫೆರಿಟಿನ್ 380, ಟಿಸ್ಯಾಟ್ ಶೇ. 24. ಕಬ್ಬಿಣವೊಂದೇ 0.7 ಏರಿಸಿದೆ. ಆದರೂ 10ರ ಕೆಳಗೆ, ಆಯಾಸ ಹೋಗಿಲ್ಲ. ಈಗ ಇಂಜೆಕ್ಷನ್ ಯೋಚನೆ. ಮೊದಲು ಎರಡು ಪ್ರಶ್ನೆ: ಪಾರ್ಶ್ವವಾಯು ಅಥವಾ ಕ್ಯಾನ್ಸರ್ ಆಗಿತ್ತೇ? ಬಿಪಿ ಹಿಡಿತದಲ್ಲಿದೆಯೇ? ಮೊದಲನೆಯದಕ್ಕೆ ಹೌದು ಎಂದರೆ ತುಂಬಾ ಯೋಚಿಸಬೇಕು. ಎರಡನೆಯದಕ್ಕೆ ಇಲ್ಲ ಎಂದರೆ ಬಿಪಿ ಸರಿಪಡಿಸದೆ ಶುರು ಮಾಡುವಂತಿಲ್ಲ. ಈಕೆಯ ಬಿಪಿ 164/96 ಇತ್ತು. ಔಷಧ ಬದಲಿಸಿ ಅದನ್ನು 134/80ಕ್ಕೆ ತಂದ ಮೇಲೆಯೇ ಮುಂದಿನ ಹೆಜ್ಜೆ.

ಡಾರ್ಬಿಪೊಯೆಟಿನ್ ಕಿಲೋಗೆ 0.45 ಮೈಕ್ರೋಗ್ರಾಂ ವಾರಕ್ಕೊಮ್ಮೆ. 60 ಕಿಲೋಗೆ 27. ಹತ್ತಿರದ ಸಿರಿಂಜ್ 30 ಮೈಕ್ರೋಗ್ರಾಂ. ಹೊಟ್ಟೆಯ ಅಥವಾ ತೊಡೆಯ ಚರ್ಮದ ಕೆಳಗೆ ಚುಚ್ಚುತ್ತಾರೆ. ಎರಡು ವಾರಕ್ಕೆ ಹಿಮೋಗ್ಲೋಬಿನ್ 9.5, ನಾಲ್ಕು ವಾರಕ್ಕೆ 10.4, ಆರು ವಾರಕ್ಕೆ 11.6.

ಮನೆಯವರಿಗೆ ಖುಷಿ, ಡಾಕ್ಟರಿಗೆ ಚಿಂತೆ. ಎರಡು ವಾರದಲ್ಲಿ 1ಕ್ಕಿಂತ ಹೆಚ್ಚು ಏರಿದೆ. ಎಳೆಯ ಕೋಶ ಪೂರ್ಣ ಕೆಂಪು ಕಣವಾಗಿ ಹೊರಬರಲು ದಿನಗಳು ಬೇಕು. ಹಾಗಾಗಿ ಇಂದಿನ ರಿಪೋರ್ಟ್ ಹೇಳುವುದು ಎರಡರಿಂದ ಆರು ವಾರಗಳ ಹಿಂದಿನ ಡೋಸ್‌ನ ಕತೆ. ಈಗಾಗಲೇ ಕೊಟ್ಟಿರುವ ಡೋಸ್‌ನ ಫಲ ಇನ್ನೂ ಬರಬೇಕಿದೆ. ಇಲ್ಲಿ ತಡೆಯದಿದ್ದರೆ 13ರ ಹತ್ತಿರ ಹೋಗುತ್ತದೆ. ಡೋಸ್‌ಅನ್ನು ಕನಿಷ್ಠ ಕಾಲು ಭಾಗ ಇಳಿಸಬೇಕು. ಈಕೆಗೆ 20 ಮೈಕ್ರೋಗ್ರಾಂಗೆ ಇಳಿಸಿದರು. ಪೂರ್ತಿ ನಿಲ್ಲಿಸುವುದೂ ಒಳ್ಳೆಯದಲ್ಲ, ಹಾಗೆ ಮಾಡಿದರೆ ಒಂದೆರಡು ತಿಂಗಳಲ್ಲಿ ಕೆಳಗೆ ಬಿದ್ದು, ಮತ್ತೆ ಏರಿಸಿ, ಉಯ್ಯಾಲೆ ಆಡಿದಂತಾಗುತ್ತದೆ. ಮೂರು ತಿಂಗಳಲ್ಲಿ 10.8ಕ್ಕೆ ನಿಂತಿತು.

ಡೋಸ್ ಕೊಟ್ಟರೂ ಇಳಿದರೆ

ನಾಲ್ಕು ತಿಂಗಳ ನಂತರ ಅದೇ ರೋಗಿಯ ಹಿಮೋಗ್ಲೋಬಿನ್ 9.4. ಇಂಜೆಕ್ಷನ್ ತಪ್ಪಿಲ್ಲ. ಫೆರಿಟಿನ್ 720ಕ್ಕೆ ಏರಿದೆ, ಟಿಸ್ಯಾಟ್ ಶೇ. 15ಕ್ಕೆ ಇಳಿದಿದೆ. ಇಲ್ಲಿ ಎರಡು ತಪ್ಪು ದಾರಿಗಳು ಕೈಬೀಸಿ ಕರೆಯುತ್ತವೆ. ಒಂದು, ಇಂಜೆಕ್ಷನ್ ಡೋಸ್ ದುಪ್ಪಟ್ಟು ಮಾಡುವುದು. ಇನ್ನೊಂದು, ಟಿಸ್ಯಾಟ್ ಕಡಿಮೆ ಇದೆ ಎಂದು ತಕ್ಷಣ ಕಬ್ಬಿಣದ ಡ್ರಿಪ್ ಹಾಕುವುದು.

ದಾಸ್ತಾನು ಏರುತ್ತಾ ಸಾಗಾಟ ಇಳಿಯುತ್ತಿದ್ದರೆ ಅದು ಉರಿಯೂತದ ಗುರುತು. ಪಾದ ನೋಡಿದಾಗ ಸಕ್ಕರೆ ಕಾಯಿಲೆಯ ಹುಣ್ಣು ಕೀವಾಗಿತ್ತು. ಉರಿಯೂತ ತೋರಿಸುವ ರಕ್ತ ಪರೀಕ್ಷೆ ಸಿಆರ್‌ಪಿ ಕೂಡ ಹೆಚ್ಚಿತ್ತು. ಹೆಪ್ಸಿಡಿನ್ ಬಾಗಿಲು ಹಾಕಿದೆ, ಮಜ್ಜೆಯೂ ಉರಿಯೂತದಿಂದ ಕುಗ್ಗಿದೆ. ದೇಹದಲ್ಲಿ ಸೋಂಕು ಹರಡಿರುವಾಗ ಕಬ್ಬಿಣದ ಡ್ರಿಪ್ ಕೊಡುವುದಿಲ್ಲ, ಏಕೆಂದರೆ ಬ್ಯಾಕ್ಟೀರಿಯಾಗಳಿಗೂ ಬೆಳೆಯಲು ಕಬ್ಬಿಣ ಬೇಕು. ಡೋಸ್ ಅಷ್ಟೇ ಇಟ್ಟು, ಹುಣ್ಣಿಗೆ ಚಿಕಿತ್ಸೆ ಮಾಡಿದರು. ಎಂಟು ವಾರದಲ್ಲಿ ಅದೇ 20 ಮೈಕ್ರೋಗ್ರಾಂನಲ್ಲಿ ಹಿಮೋಗ್ಲೋಬಿನ್ 10.5ಕ್ಕೆ ಮರಳಿತು.

ಡಯಾಲಿಸಿಸ್‌ನಲ್ಲಿರುವವರಲ್ಲಿ ಹುಡುಕಬೇಕಾದ ಕಾರಣಗಳು ಇನ್ನೂ ಇವೆ: ಕ್ಯಾತಿಟರ್‌ನ ಸೋಂಕು, ಡಯಾಲಿಸಿಸ್ ಸಾಲದಿರುವುದು, ಪ್ಯಾರಾಥೈರಾಯ್ಡ್ ಹಾರ್ಮೋನು ತುಂಬಾ ಏರಿರುವುದು, ದೇಹದಲ್ಲಿ ಉಳಿದಿರುವ ಸೋತ ಕಸಿ ಕಿಡ್ನಿ. ಬಹಳ ಅಪರೂಪಕ್ಕೆ ದೇಹವೇ ಇಪಿಒ ವಿರುದ್ಧ ಪ್ರತಿಕಾಯ ಕಟ್ಟುತ್ತದೆ. ಆಗ ಹಿಮೋಗ್ಲೋಬಿನ್ ವಾರಕ್ಕೆ 0.5ರಿಂದ 1ರಷ್ಟು ವೇಗವಾಗಿ ಕುಸಿಯುತ್ತದೆ, ರಕ್ತದಲ್ಲಿ ಹೊಸ ಎಳೆ ಕಣಗಳೇ ಕಾಣುವುದಿಲ್ಲ. ಅಂಥ ಸಂದರ್ಭದಲ್ಲಿ ಇಂಜೆಕ್ಷನ್‌ಅನ್ನು ಪೂರ್ತಿ ನಿಲ್ಲಿಸಲೇಬೇಕು. ಉಳಿದ ಕಡೆ ನಿಯಮ ಸರಳ. ಶುರುವಿನಲ್ಲಿ ಸ್ಪಂದಿಸದ ರೋಗಿಗೆ, ತೂಕಕ್ಕೆ ತಕ್ಕ ಆರಂಭದ ಡೋಸ್‌ನ ಎರಡು ಪಟ್ಟಿಗಿಂತ ಮೇಲೆ ಹೋಗಬಾರದು. ಮೇಲೆ ಹೇಳಿದ ಅಧ್ಯಯನಗಳ ಪಾಠ ಅದೇ.

ಕಬ್ಬಿಣ ಎಷ್ಟು ಕೊಡಬಹುದು ಎಂಬ ವಾದ

ಇಪಿಒ ಡೋಸ್ ಕಡಿಮೆ ಇಡಬೇಕಾದರೆ ಕಬ್ಬಿಣ ಧಾರಾಳವಾಗಿ ಇರಬೇಕು. ಆದರೆ ಹೆಚ್ಚು ಕಬ್ಬಿಣದಿಂದ ಸೋಂಕು, ಹೃದಯಕ್ಕೆ ತೊಂದರೆ ಆಗಬಹುದೆಂಬ ಭಯ ಬಹಳ ಕಾಲ ಇತ್ತು. ಬ್ರಿಟನ್ನಿನಲ್ಲಿ ನಡೆದು 2019ರ ಸುಮಾರಿಗೆ ಪ್ರಕಟವಾದ ಪಿವೋಟಲ್ ಅಧ್ಯಯನ ಇದಕ್ಕೆ ಉತ್ತರ ಹುಡುಕಿತು. ಹೊಸದಾಗಿ ಹಿಮೋಡಯಾಲಿಸಿಸ್ ಶುರು ಮಾಡಿದ 2,141 ಜನರಲ್ಲಿ ಒಂದು ಗುಂಪಿಗೆ ತಿಂಗಳಿಗೆ 400 ಮಿಲಿಗ್ರಾಂ ಐರನ್ ಸುಕ್ರೋಸ್ ಕೊಡುತ್ತಾ ಹೋದರು. ಫೆರಿಟಿನ್ 700 ದಾಟಿದರೆ ಅಥವಾ ಟಿಸ್ಯಾಟ್ ಶೇ. 40 ಮುಟ್ಟಿದರೆ ನಿಲ್ಲಿಸಿದರು. ಇನ್ನೊಂದು ಗುಂಪಿಗೆ ಫೆರಿಟಿನ್ 200ರ ಕೆಳಗೆ ಅಥವಾ ಟಿಸ್ಯಾಟ್ 20ರ ಕೆಳಗೆ ಇಳಿದಾಗ ಮಾತ್ರ ಕೊಟ್ಟರು.

ಧಾರಾಳವಾಗಿ ಪಡೆದವರಿಗೆ ಇಪಿಒ ಡೋಸ್ ಕಡಿಮೆ ಸಾಕಾಯಿತು. ಹೃದಯಾಘಾತ, ಹೃದಯ ಸೋಲುವಿಕೆ, ಪಾರ್ಶ್ವವಾಯು, ಸಾವು ಒಟ್ಟು ಸೇರಿ ಅವರಲ್ಲಿ ಕಡಿಮೆ. ಸೋಂಕು ಹೆಚ್ಚಾಗಲಿಲ್ಲ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಬಂದ ಅತಿ ಉಪಯುಕ್ತ ಉತ್ತರ ಇದು. ಆದರೆ ಇದನ್ನು ಎಲ್ಲರಿಗೂ ಹಿಗ್ಗಿಸಬಾರದು. ಆಗಷ್ಟೇ ಹಿಮೋಡಯಾಲಿಸಿಸ್ ಶುರು ಮಾಡಿದವರಲ್ಲಿ, ಐರನ್ ಸುಕ್ರೋಸ್‌ನಿಂದ, 700ರ ಮಿತಿಯೊಳಗೆ ಸಿಕ್ಕ ಫಲ ಇದು. ಫೆರಿಟಿನ್ 1,500 ಇರುವವರಿಗೂ ಕೊಡಿ ಎಂದು ಅದು ಹೇಳುವುದಿಲ್ಲ. ಡ್ರಿಪ್‌ನಿಂದ ತೀವ್ರ ಅಲರ್ಜಿ ಅಪರೂಪ, ಆದರೆ ಆಗುತ್ತದೆ. ಅದಕ್ಕೇ ಅದನ್ನು ತುರ್ತು ಚಿಕಿತ್ಸೆಯ ವ್ಯವಸ್ಥೆ ಇರುವಲ್ಲೇ ಕೊಡಬೇಕು, ಮುಗಿದ ಮೇಲೂ ಅರ್ಧ ಗಂಟೆ ಕೂರಿಸಿ ನೋಡಬೇಕು.

ಮಾತ್ರೆ ಬಂದರೆ ಏನು ಬದಲಾಗುತ್ತದೆ

ಈಗ ಸುದ್ದಿಯ ಮಾತ್ರೆಗಳಿಗೆ ಬರೋಣ. ಆಮ್ಲಜನಕ ಕಡಿಮೆಯಾದಾಗ ಕೋಶದೊಳಗೆ ಹಿಫ್ ಎಂಬ ಪ್ರೋಟೀನ್ ಉಳಿದು ಇಪಿಒ ಜೀನನ್ನು ಎಬ್ಬಿಸುತ್ತದೆ. ಆಮ್ಲಜನಕ ಸಾಕಷ್ಟಿದ್ದರೆ ಒಂದು ಕಿಣ್ವ ಹಿಫ್‌ಗೆ ಗುರುತು ಹಾಕಿ ನಾಶಕ್ಕೆ ಕಳಿಸುತ್ತದೆ. ಈ ವ್ಯವಸ್ಥೆಯನ್ನು ಬಿಡಿಸಿದ ವಿಲಿಯಂ ಕೆಲಿನ್, ಪೀಟರ್ ರ‍್ಯಾಟ್‌ಕ್ಲಿಫ್, ಗ್ರೆಗ್ ಸೆಮೆಂಝಾ ಅವರಿಗೆ 2019ರ ನೊಬೆಲ್ ಸಿಕ್ಕಿತು. ಹೊಸ ಮಾತ್ರೆಗಳು ಆ ಕಿಣ್ವವನ್ನು ತಡೆಯುತ್ತವೆ. ದೇಹಕ್ಕೆ ತಾನು ಎತ್ತರದ ಬೆಟ್ಟದ ಮೇಲಿದ್ದೇನೆ ಎಂಬ ಭ್ರಮೆ ಬರುತ್ತದೆ. ರೋಗಿಯ ಕಿಡ್ನಿ ಮತ್ತು ಲಿವರ್‌ನಿಂದಲೇ ಇಪಿಒ ಹೊರಬರುತ್ತದೆ. ಅಂದರೆ ಸೋತ ಕಿಡ್ನಿಯಲ್ಲೂ ಇಪಿಒ ಮಾಡುವ ಶಕ್ತಿ ಪೂರ್ತಿ ಸತ್ತಿರಲಿಲ್ಲ. ಜೊತೆಗೆ ಹೆಪ್ಸಿಡಿನ್ ಸ್ವಲ್ಪ ಇಳಿದು, ಕಬ್ಬಿಣದ ಬಾಗಿಲೂ ತುಸು ತೆರೆಯುತ್ತದೆ.

ಕೇಳಲು ಚೆಂದವಾಗಿದೆ. ಹಾಗಾದರೆ ಒಪ್ಪಿಗೆಯಲ್ಲಿ ಯಾಕೆ ಇಷ್ಟು ಭಿನ್ನಾಭಿಪ್ರಾಯ? ಹೃದಯ ಮತ್ತು ರಕ್ತನಾಳದ ಅಪಾಯದ ವಿಷಯದಲ್ಲಿ ಮಾತ್ರೆ ಇಂಜೆಕ್ಷನ್‌ಗಿಂತ ಕೆಟ್ಟದ್ದಲ್ಲ ಎಂದು ತೋರಿಸಬೇಕಿತ್ತು. ವ್ಯಾಡಡುಸ್ಟಾಟ್ ಅದನ್ನು ಡಯಾಲಿಸಿಸ್ ರೋಗಿಗಳಲ್ಲಿ ತೋರಿಸಿತು, ಡಯಾಲಿಸಿಸ್ ಇಲ್ಲದವರಲ್ಲಿ ತೋರಿಸಲು ಆಗಲಿಲ್ಲ. ರಾಕ್ಸಡುಸ್ಟಾಟ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಆತಂಕ ಎಫ್‌ಡಿಎ ಮುಂದೆ ದೊಡ್ಡದಾಯಿತು. ಅದೇ ಮಾಹಿತಿಯನ್ನು ಯುರೋಪಿನ ನಿಯಂತ್ರಕರು ಬೇರೆ ರೀತಿ ತೂಗಿದರು. ಹಿಫ್ ಇಪಿಒ ಜೀನನ್ನು ಮಾತ್ರವಲ್ಲ, ಹೊಸ ರಕ್ತನಾಳ ಬೆಳೆಸುವಂಥ ಇನ್ನೂ ಅನೇಕ ಜೀನ್‌ಗಳನ್ನು ಎಬ್ಬಿಸುತ್ತದೆ. ಆದ್ದರಿಂದ ಕ್ಯಾನ್ಸರ್ ಇರುವವರಲ್ಲಿ ಎಚ್ಚರಿಕೆ ಹೆಚ್ಚು.

ಮನೆಯಲ್ಲೇ ಇದ್ದು ಚಿಕಿತ್ಸೆ ಪಡೆಯುವವರಿಗೆ, ಫ್ರಿಜ್‌ನಲ್ಲಿಡುವ ಸಿರಿಂಜ್ ಕಷ್ಟವಾದವರಿಗೆ, ಉರಿಯೂತದಿಂದ ಇಂಜೆಕ್ಷನ್‌ಗೆ ಸ್ಪಂದಿಸದ ಕೆಲವರಿಗೆ ಮಾತ್ರೆ ನಿಜವಾಗಿ ಸಹಾಯವಾಗಬಹುದು. ಆದರೆ ಅದು ತಪ್ಪಿಸುವುದು ಸೂಜಿಯನ್ನು. ಗುರಿಯ ಸಂಖ್ಯೆ ಬದಲಾಗುವುದಿಲ್ಲ. ಮಾತ್ರೆಯಿಂದ ಹಿಮೋಗ್ಲೋಬಿನ್ 11.6 ಆದರೂ ಡೋಸ್ ಇಳಿಸಲೇಬೇಕು. ಶುರುವಿನಲ್ಲಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಪರೀಕ್ಷೆ, ಬಿಪಿ ಡೈರಿ, ಮೂರು ತಿಂಗಳಿಗೊಮ್ಮೆಯಾದರೂ ಫೆರಿಟಿನ್ ಮತ್ತು ಟಿಸ್ಯಾಟ್ ಹಾಗೆಯೇ ಉಳಿಯುತ್ತವೆ. ಒಂದು ಕಾಲು ಇದ್ದಕ್ಕಿದ್ದಂತೆ ಊದಿ ನೋವಾದರೆ, ಡಯಾಲಿಸಿಸ್‌ಗೆಂದು ಕೈಯಲ್ಲಿ ರಕ್ತನಾಳ ಜೋಡಿಸಿ ಮಾಡಿದ ಫಿಸ್ಟುಲಾ ಮುಟ್ಟಿದಾಗ ಸಿಗುವ ಕಂಪನ ನಿಂತರೆ, ಮಾತು ತೊದಲಿದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ನುಂಗುತ್ತಿರುವುದು ಮಾತ್ರೆಯಾದರೂ ಸರಿ, ಚುಚ್ಚುತ್ತಿರುವುದು ಇಂಜೆಕ್ಷನ್ ಆದರೂ ಸರಿ.